ದಿನಕ್ಕೊಂದು ರೊಟ್ಟಿ ಕಡಿಮೆಯಾದರೆ

ಕಮಲನಗರದ ಕಡೆಯ ಒಂದು ಒಕ್ಕಲುತನದ ಮನೆಯನ್ನು ಊಹಿಸಿಕೊಳ್ಳೋಣ. ಮನೆಯ ಹಿರಿಯನಿಗೆ 58 ವರ್ಷ, ಎತ್ತರ 165 ಸೆಂಟಿಮೀಟರ್. ಮಾತು ತೊದಲುತ್ತಿದೆ, ನೀರು ಕುಡಿದರೆ ನೆತ್ತಿಗೇರುತ್ತದೆ. ಕಾರಹುಣ್ಣಿಮೆಯ ಹೊತ್ತಿಗೆ ದೊಡ್ಡ ಆಸ್ಪತ್ರೆಯಲ್ಲಿ ರೋಗದ ಹೆಸರು ಗೊತ್ತಾಯಿತು: ಮೋಟಾರ್ ನ್ಯೂರಾನ್ ಡಿಸೀಸ್, ಅಂದರೆ ಎಂಎನ್‌ಡಿ. ಸ್ನಾಯುಗಳನ್ನು ಆಡಿಸುವ ನರಕೋಶಗಳೇ ಒಂದೊಂದಾಗಿ ಸಾಯುವ ಕಾಯಿಲೆ. ಆ ದಿನ ಅವರ ತೂಕ 60 ಕಿಲೋ.

ಎಂಎನ್‌ಡಿ ಎಂದರೆ ಎಲ್ಲರಿಗೂ ಸ್ಟೀಫನ್ ಹಾಕಿಂಗ್ ನೆನಪಾಗುತ್ತಾರೆ. 1963ರಲ್ಲಿ ರೋಗ ಪತ್ತೆಯಾಗಿ 2018ರವರೆಗೆ ಬದುಕಿದವರು ಅವರು. ಆದರೆ ಅದು ಅಪರೂಪದಲ್ಲಿ ಅಪರೂಪ. ಹೆಚ್ಚಿನವರಿಗೆ ಸಿಗುವುದು ಲಕ್ಷಣ ಶುರುವಾದಲ್ಲಿಂದ ಮೂರರಿಂದ ಐದು ವರ್ಷ, ಗಂಟಲಿನಿಂದ ಶುರುವಾದರೆ ಸಾಮಾನ್ಯವಾಗಿ ಇನ್ನೂ ಕಡಿಮೆ. ಹಾಕಿಂಗ್ ಉದಾಹರಣೆ ಮನೆಯವರಿಗೆ ಸಮಾಧಾನ ಕೊಡುತ್ತದೆ ನಿಜ, ‘ಇನ್ನೂ ಟೈಮ್ ಇದೆ’ ಎಂಬ ತಪ್ಪು ಲೆಕ್ಕವನ್ನೂ ಕೊಡುತ್ತದೆ.

ನಮ್ಮ ಹಿರಿಯರಿಗೆ ದಿನಕ್ಕೆ ಬೇಕಾದ ಶಕ್ತಿ ಎಷ್ಟು? ವೆಂಟಿಲೇಟರ್ ಇಲ್ಲದ ಎಂಎನ್‌ಡಿ ರೋಗಿಗೆ ತೂಕದ ಪ್ರತಿ ಕಿಲೋಗೆ ಸುಮಾರು 30 ಕ್ಯಾಲೊರಿ ಎಂಬುದು ಯುರೋಪಿನ ಪೋಷಣಾ ತಜ್ಞರ ಮಾರ್ಗಸೂಚಿ. 60 ಕಿಲೋಗೆ 1800 ಆಯಿತು. ಇದು ಆರಂಭದ ಅಂದಾಜು ಮಾತ್ರ. ಈ ಕಾಯಿಲೆಯಲ್ಲಿ ಕೆಲವರ ದೇಹ ಸುಮ್ಮನೆ ಮಲಗಿದ್ದರೂ ಹೆಚ್ಚು ಉರಿಯುತ್ತದೆ, ಅವರಿಗೆ ಇದೂ ಸಾಲದು. ‘ಹೊಲಕ್ಕೆ ಹೋಗಲ್ಲ, ಕೆಲಸ ಮಾಡಲ್ಲ, ಅಷ್ಟ್ಯಾಕ ಬೇಕು?’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

ಈಗ ಊಟ ನೋಡಿ. ಐವತ್ತು ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ ಸುಮಾರು 175 ಕ್ಯಾಲೊರಿ. ಮೂರು ರೊಟ್ಟಿ ಉಣ್ಣುತ್ತಿದ್ದವರು ಎರಡಕ್ಕೆ ಇಳಿದರು, ಪಲ್ಯ ಒಂದಿಷ್ಟು ಬಿಟ್ಟರು. ಕೊರತೆ ದಿನಕ್ಕೆ 200 ಕ್ಯಾಲೊರಿ. ಯಾರ ಕಣ್ಣಿಗೂ ಬೀಳದ ಕೊರತೆ. ಒಂದು ಕಿಲೋ ಕೊಬ್ಬು ಕರಗಲು ಬೇಕಾದ ಕೊರತೆ ಸುಮಾರು 7700 ಕ್ಯಾಲೊರಿ. ಹಾಗಾಗಿ ನಾಲ್ಕು ತಿಂಗಳಲ್ಲಿ, ದಸರೆಯ ಹೊತ್ತಿಗೆ, ಮೂರು ಕಿಲೋ ಹೋಗಿರುತ್ತದೆ. ಸ್ನಾಯುವೂ ಕರಗುವ ಕಾಯಿಲೆಯಾದ್ದರಿಂದ ನಿಜದ ಇಳಿತ ಇದಕ್ಕಿಂತ ಬೇಗವೇ ಆಗಬಹುದು. ತಕ್ಕಡಿ 57 ತೋರಿಸುತ್ತದೆ. ಅಂದರೆ ನೂರಕ್ಕೆ ಐದರಷ್ಟು ಇಳಿಕೆ.

ಆಮೇಲೆ ರೊಟ್ಟಿ ನುಂಗುವುದೇ ಆಗುವುದಿಲ್ಲ. ‘ಮಾವಾರು ಉಣ್ಣದು ಬಿಟ್ಟಿಲ್ರಿ, ತೆಳ್ಳಗ ಮಾಡಿ ಕೊಡ್ಲತ್ತೀವ್ರಿ’ ಎನ್ನುತ್ತಾಳೆ ಸೊಸೆ. ಕಾಳಜಿಯ ಮಾತೇ. ಆದರೆ ಅಪಾಯ ಅಡಗಿರುವುದು ಈ ‘ತೆಳ್ಳಗ’ದಲ್ಲೇ. ಒಂದು ಬಟ್ಟಲು ಅಂಬಲಿಗೆ ಬೀಳುವ ಹಿಟ್ಟು 25 ಗ್ರಾಂ ಇದ್ದರೆ ಅದರಲ್ಲಿರುವುದು ಎಂಬತ್ತೈದು ಕ್ಯಾಲೊರಿ, ಉಳಿದದ್ದೆಲ್ಲ ನೀರು. ಹೊಟ್ಟೆ ತುಂಬಿದ ಹಾಗಾಗುತ್ತದೆ, ದೇಹ ಉಪವಾಸವಿರುತ್ತದೆ. ಮೇಲಾಗಿ ಬಲ ಕುಂದಿದ ಗಂಟಲಿಗೆ ತೀರಾ ಕಷ್ಟವಾಗುವುದು ಸಾಮಾನ್ಯವಾಗಿ ನೀರಿನಂಥ ಪದಾರ್ಥವೇ. ನಾಲಿಗೆ ತಡೆಹಿಡಿಯುವ ಮುನ್ನವೇ ಅದು ಜಾರಿ ಶ್ವಾಸನಾಳದ ಬಾಯಿಗೆ ಹೋಗುತ್ತದೆ. ಕುಡಿದ ಮೇಲೆ ದನಿ ಗುರುಗುರು ಅಂದರೆ ಅದೇ ಸುಳಿವು. ಕೆಮ್ಮು ಬರಲಿಲ್ಲವೆಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಕೆಮ್ಮಲೂ ಬಲ ಬೇಕು.

ಅದೇ ಬಟ್ಟಲನ್ನು ನೀರಿನ ಬದಲು ಎಮ್ಮೆ ಹಾಲಲ್ಲಿ ಗಟ್ಟಿಯಾಗಿ, ಗಂಟಿಲ್ಲದಂತೆ ಕುದಿಸಿ ಎರಡು ಚಮಚ ತುಪ್ಪ ಹಾಕಿದರೆ ಮುನ್ನೂರೈವತ್ತು ಕ್ಯಾಲೊರಿ ದಾಟುತ್ತದೆ. ಎಷ್ಟು ಗಟ್ಟಿ ಇರಬೇಕೆಂದು ನುಂಗುವಿಕೆ ಪರೀಕ್ಷಿಸುವ ಥೆರಪಿಸ್ಟ್ ಹೇಳಬೇಕು. ಸಾರಿನಲ್ಲಿ ತೇಲುವ ಅನ್ನದ ಅಗುಳು, ತರಿತರಿ ಶೇಂಗಾ ಪುಡಿ ಮಾತ್ರ ಬೇಡ.

ಈ ಉಪಾಯಗಳೂ ಕೆಲವು ತಿಂಗಳಿಗಷ್ಟೇ. ಅವೂ ಇಲ್ಲದೆ ತೆಳು ಅಂಬಲಿಯಲ್ಲೇ ಉಳಿದರೆ ದಿನದ ಕೊರತೆ 500ಕ್ಕೆ ಏರುತ್ತದೆ. ಮೊದಲ ಮೂರು ಕಿಲೋ ಹೋಗಲು ನಾಲ್ಕು ತಿಂಗಳು ಹಿಡಿದಿತ್ತು. ಮುಂದಿನ ಮೂರು ಕಿಲೋ ಆರೇಳು ವಾರದಲ್ಲಿ ಹೋಗುತ್ತದೆ. ಎಳ್ಳ ಅಮಾವಾಸ್ಯೆಗೆ ಮನೆಮಂದಿಯೆಲ್ಲ ಹೊಲದಲ್ಲಿ ಸಜ್ಜೆ ರೊಟ್ಟಿ, ಭಜ್ಜಿ ಮುಂದಿಟ್ಟುಕೊಂಡು ಕೂತಾಗ ‘ಅಣ್ಣ ಎಷ್ಟು ಸೊರಗ್ಯಾನ’ ಎಂದು ಯಾರೋ ಅನ್ನುತ್ತಾರೆ. ಅಷ್ಟರೊಳಗೆ 54 ದಾಟಿ ಕೆಳಗಿಳಿದಾಗಿರುತ್ತದೆ, ನೂರಕ್ಕೆ ಹತ್ತಕ್ಕಿಂತ ಹೆಚ್ಚು.

ಐದು, ಹತ್ತು ಎಂಬ ಈ ಗೆರೆಗಳು ಬಂದದ್ದು ಎಲ್ಲಿಂದ? ಬ್ರಿಟನ್ನಿನ 24 ಕೇಂದ್ರಗಳಲ್ಲಿ 345 ರೋಗಿಗಳನ್ನು ಹಿಂಬಾಲಿಸಿದ ‘ಪ್ರೊಗ್ಯಾಸ್’ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಹೊಟ್ಟೆಯ ಗೋಡೆಯ ಮೂಲಕ ನೇರ ಜಠರಕ್ಕೆ ಪೈಪು ಕೂಡಿಸುವುದಕ್ಕೆ ಗ್ಯಾಸ್ಟ್ರೋಸ್ಟೊಮಿ ಎನ್ನುತ್ತಾರೆ. ಅದನ್ನು ಮಾಡಿಸಿಕೊಳ್ಳುವಾಗ ನೂರಕ್ಕೆ ಹತ್ತಕ್ಕಿಂತ ಹೆಚ್ಚು ತೂಕ ಕಳೆದುಕೊಂಡಿದ್ದವರು ಉಳಿದವರಿಗಿಂತ ಬೇಗ ತೀರಿಕೊಂಡರು. ಪೈಪಿನಿಂದ ಲಾಭ ಬೇಕಾದರೆ ಇಳಿಕೆ ಐದು ದಾಟುವ ಮುಂಚೆಯೇ ಯೋಚಿಸಿ ಎಂದು ಸಂಶೋಧಕರು ಸೂಚಿಸಿದರು. ರೋಗಿಗಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿದ ಪ್ರಯೋಗ ಇದಲ್ಲ. ತಡಮಾಡಿದವರ ರೋಗವೇ ಜೋರಾಗಿದ್ದಿರಬಹುದು. ಆದರೂ ಕೈಯಲ್ಲಿರುವ ಪುರಾವೆಯಲ್ಲಿ ನಾನು ಹೆಚ್ಚು ನಂಬುವುದು ಇದನ್ನೇ.

ಇನ್ನೊಂದು ಗಡಿಯಾರ ಎದೆಯೊಳಗೆ ಓಡುತ್ತಿರುತ್ತದೆ. ಎಂಡೋಸ್ಕೋಪಿನಿಂದ ಪೈಪು ಹಾಕುವಾಗ, ಅಂದರೆ ‘ಪೆಗ್’ನಲ್ಲಿ, ಅಂಗಾತ ಮಲಗಿಸಿ ಮಂಪರು ಕೊಡುತ್ತಾರೆ. ವಪೆ ಸೋತವರಿಗೆ ಅಂಗಾತ ಮಲಗುವುದೇ ಕಷ್ಟ, ಮಂಪರು ಉಸಿರನ್ನು ಇನ್ನಷ್ಟು ತಗ್ಗಿಸುತ್ತದೆ. ಅದಕ್ಕೇ ಊದಿ ಅಳೆಯುವ ಶ್ವಾಸಬಲ, ಎಫ್‌ವಿಸಿ, ಅರ್ಧಕ್ಕಿಂತ ಕೆಳಗಿಳಿಯುವ ಮೊದಲೇ ಮುಗಿಸಿ ಎನ್ನುತ್ತಾರೆ ವೈದ್ಯರು. ತುಟಿ ಸಡಿಲಾದವರು ಊದುವಾಗ ಗಾಳಿ ಪಕ್ಕದಿಂದ ಸೋರಿ ಅಂಕಿ ಸುಳ್ಳು ಹೇಳುತ್ತದೆ, ಅಂಥವರಿಗೆ ಮೂಗಿನಿಂದ ಸೆಳೆಯುವ ಪರೀಕ್ಷೆ ಹೆಚ್ಚು ನಂಬಿಕೆಯದು. ಮನೆಯಲ್ಲೇ ಕಾಣುವ ಗುರುತುಗಳೂ ಇವೆ: ತಲೆದಿಂಬು ಒಂದರಿಂದ ಮೂರಾಗುವುದು, ಬೆಳಗ್ಗೆ ಎದ್ದ ಕೂಡಲೇ ತಲೆನೋವು. ಗಡಿ ದಾಟಿದ ಮೇಲೂ ದಾರಿ ಪೂರ್ತಿ ಮುಚ್ಚುವುದಿಲ್ಲ. ಎಕ್ಸ್‌ರೇ ನೋಡುತ್ತ ಕಡಿಮೆ ಮಂಪರಿನಲ್ಲಿ, ಉಸಿರಾಟದ ಮಾಸ್ಕ್ ಇಟ್ಟುಕೊಂಡು ಹಾಕಬಹುದು. ಆ ಅನುಭವವಿರುವ ಕೈಗಳು ಮಾತ್ರ ಎಲ್ಲ ಊರಲ್ಲೂ ಸಿಗುವುದಿಲ್ಲ.

ಕಮಲನಗರದಿಂದ ಭಾಲ್ಕಿ, ಬೀದರ್, ಅಲ್ಲಿಂದ ಹೈದರಾಬಾದೋ ಬೆಂಗಳೂರಿನ ನಿಮ್ಹಾನ್ಸೋ. ತಾರೀಖು ಸಿಗಬೇಕು, ಉಸಿರಿನ ಪರೀಕ್ಷೆ ಆಗಬೇಕು, ಜೊತೆಗೆ ಬರುವವರಿಗೆ ತೊಗರಿ ರಾಶಿ ಮುಗಿಯಬೇಕು. ಇದಕ್ಕೇ ಆರು ವಾರ ಹಿಡಿದರೆ 57ರಲ್ಲಿ ಹೊರಟವರು ಮೇಜಿನ ಮೇಲೆ ಮಲಗುವುದು 54ರಲ್ಲಿ. ಆದ್ದರಿಂದ ಮಾತು ಶುರುವಾಗಬೇಕಾದ್ದು 57ಕ್ಕಲ್ಲ, ಒಂದೂವರೆ ಕಿಲೋ ಇಳಿದ 58.5ಕ್ಕೆ. ಇಲ್ಲವೇ ಊಟಕ್ಕೆ ಅರ್ಧ ಗಂಟೆ ಮೀರತೊಡಗಿದಾಗ. ಯಾವುದು ಮೊದಲೋ ಅದು. ಹದಿನೈದು ದಿನಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ, ಬೆಳಗ್ಗೆ, ತೆಳು ಬಟ್ಟೆಯಲ್ಲಿ ತೂಗಿ ಕ್ಯಾಲೆಂಡರಿನ ಮೇಲೆ ಬರೆಯಿರಿ.

ಪೈಪು ಹಾಕಿದೊಡನೆ ತೂಕ ಏರುತ್ತದೆಂದಲ್ಲ. ಪ್ರೊಗ್ಯಾಸ್‌ನಲ್ಲಿ ಆಮೇಲೂ ಅನೇಕರ ತೂಕ ಇಳಿಯುತ್ತಲೇ ಹೋಯಿತು. ಪೈಪಿಗೂ ಲೆಕ್ಕದ ಊಟ ಬೇಕು. 57 ಕಿಲೋಗೆ 1710, ಕಳೆದದ್ದು ಮರಳಬೇಕಾದರೆ ಎರಡು ಸಾವಿರದ ಹತ್ತಿರ. ತೀರಾ ಸೊರಗಿದವರಿಗೆ ಒಮ್ಮೆಲೇ ಅಷ್ಟು ಕೊಟ್ಟರೆ ರಕ್ತದ ಲವಣಗಳು ಏರುಪೇರಾಗುತ್ತವೆ, ನಿಧಾನವಾಗಿ ಏರಿಸಬೇಕು. ಹೆಚ್ಚು ಕೊಟ್ಟಷ್ಟೂ ಆಯುಷ್ಯ ಎಂಬುದೂ ಸಾಬೀತಾಗಿಲ್ಲ. ಜರ್ಮನಿಯಲ್ಲಿ 201 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ದಿನಕ್ಕೆ 405 ಕ್ಯಾಲೊರಿ ಕೊಬ್ಬು ಹೆಚ್ಚಾಗಿ ಕೊಟ್ಟು ನೋಡಿದರು. 2020ರ ಆ ಫಲಿತಾಂಶದಲ್ಲಿ ಒಟ್ಟಾರೆ ವ್ಯತ್ಯಾಸ ಸಿಗಲಿಲ್ಲ, ರೋಗ ವೇಗವಾಗಿ ಏರುತ್ತಿದ್ದವರಲ್ಲಷ್ಟೇ ಲಾಭದ ಸುಳಿವು ಕಂಡಿತು. ಪೈಪು ರೋಗವನ್ನು ನಿಲ್ಲಿಸುವುದಿಲ್ಲ, ಜೊಲ್ಲು ಶ್ವಾಸನಾಳಕ್ಕೆ ಇಳಿಯುವುದನ್ನೂ ತಡೆಯುವುದಿಲ್ಲ. ರುಚಿಗೆಂದು ಬಾಯಿಂದ ಒಂದೆರಡು ಚಮಚ ತಿನ್ನುವುದು ಥೆರಪಿಸ್ಟ್ ಒಪ್ಪಿದರೆ ನಡೆಯುತ್ತದೆ.

ಬೇಡವೆನ್ನುವ ಹಕ್ಕೂ ರೋಗಿಗಿದೆ. ಆದರೆ ಅದನ್ನು ಹೇಳಲು ಬಾಯಿ ಬರಬೇಕಲ್ಲ. ಗಂಟಲಿನಿಂದ ಶುರುವಾದ ಎಂಎನ್‌ಡಿಯಲ್ಲಿ ನುಂಗುವಿಕೆಯ ಜೊತೆಜೊತೆಗೇ ಮಾತೂ ಹೋಗುತ್ತದೆ. 58.5ಕ್ಕೆ ಕೇಳಿದರೆ ಹಿರಿಯರು ತೊದಲುತ್ತಲಾದರೂ ‘ಹಾಕಿಸ್ರಿ’ ಅಥವಾ ‘ಬ್ಯಾಡ’ ಎನ್ನಬಲ್ಲರು. 54ಕ್ಕೆ ಕೇಳಿದರೆ ಆ ಉತ್ತರವನ್ನು ಅವರ ಪರವಾಗಿ ಮಗನೋ ಸೊಸೆಯೋ ಕೊಡುತ್ತಿರುತ್ತಾರೆ.