ಡೇಟಿಂಗ್ ಆ್ಯಪಿನಲ್ಲಿ ಅಡಿಕೆ ಬೆಳೆಗಾರ

ಶಿರಸಿ, ಸಿದ್ದಾಪುರ, ಸಾಗರದ ಕಡೆಯ ತೋಟದ ಹುಡುಗರು ಈಗ ಡೇಟಿಂಗ್ ಆ್ಯಪುಗಳಲ್ಲೂ ಇದ್ದಾರೆ. ಜಾತಕ, ಮದುವೆ ದಲ್ಲಾಳಿ, ಸಮಾಜದ ವಧು-ವರ ಸಮಾವೇಶ ಎಲ್ಲ ಒಂದು ಸುತ್ತು ಮುಗಿಸಿ ಬಂದವರು ಕೆಲವರಾದರೆ, ಮದುವೆಯ ಮಾತಿಗೆ ಮುಂಚೆ ಒಂದಷ್ಟು ಹರಟಲು ಯಾರಾದರೂ ಸಿಕ್ಕಲಿ ಎಂದು ಬಂದವರು ಹಲವರು. ಫೋಟೊ ಹಾಕುವುದು ಸುಲಭ. ತೊಡಕು ಶುರುವಾಗುವುದು ಕೆಳಗಿನ ಪುಟ್ಟ ಚೌಕದಲ್ಲಿ, 'ನಿಮ್ಮ ಬಗ್ಗೆ' ಎನ್ನುವಲ್ಲಿ.

ನನ್ನ ಅಕ್ಕನ ಮಗ ಅಲ್ಲಿ ಬರೆದದ್ದನ್ನು ನನಗೆ ತೋರಿಸಿದ್ದ. ಎಂಜಿನಿಯರಿಂಗ್ ಓದಿ, ಕೆಲ ಕಾಲ ಬೆಂಗಳೂರಿನಲ್ಲಿ ಕೆಲಸ ಮಾಡಿ, ಈಗ ಊರಿಗೆ ಮರಳಿ ತೋಟ ನೋಡಿಕೊಳ್ಳುವವನು. ಅವನ ಬಯೊ ಹೀಗಿತ್ತು: 'ಬಿ.ಇ. ಗ್ರಾಜ್ಯುಯೇಟ್, ಮೊದಲು ಬೆಂಗಳೂರು, ಈಗ ಅಗ್ರಿಪ್ರೆನರ್. ನೇಚರ್ ಲವರ್. ಸಿಂಪಲ್ ಲೈಫ್.'

"ಇದ್ರಲ್ಲಿ ಅಡಿಕೆ ಎಲ್ಲಿದ್ಯೋ?" ಅಂದೆ.

"ಫಾರ್ಮರ್ ಅಂತ ಹಾಕಿದ್ರೆ ನೋಡೋದೇ ಇಲ್ಲ ಮಾವ. ಹಾಗೇ ದಾಟಿಸಿಬಿಡ್ತಾರೆ."

ಅವನ ಭಯ ಸುಳ್ಳಲ್ಲ. 2023ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯ ಅವಿವಾಹಿತ ಯುವಕರು ಹೆಣ್ಣು ಸಿಗಲೆಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದದ್ದನ್ನು ಪತ್ರಿಕೆಯಲ್ಲಿ ಓದಿದ್ದೇವೆ. ಅವರಲ್ಲಿ ಬೇಸಾಯದವರು ಬಹಳ ಮಂದಿ. ಆದರೆ ಅಡಿಕೆಯನ್ನು ಮುಚ್ಚಿಟ್ಟರೆ ಕೆಲಸ ಆಗುತ್ತದೆಯೇ? 'ಅಗ್ರಿಪ್ರೆನರ್' ಅಂದರೆ ಓದುವವಳಿಗೆ ಯಾವುದೋ ಸ್ಟಾರ್ಟಪ್ ಕಾಣುತ್ತದೆ. ಮಾತು ಶುರುವಾದ ಮೂರನೇ ದಿನಕ್ಕೆ ತೋಟ, ಕೊಟ್ಟಿಗೆ, ಹಳ್ಳಿ ಮನೆ ಎಲ್ಲ ಹೊರಬರುತ್ತವೆ. ಆಗ ಅವಳಿಗೆ ತೋಟಕ್ಕಿಂತ ಅದನ್ನು ಮರೆಮಾಡಿದ್ದೇ ದೊಡ್ಡದಾಗಿ ಕಾಣುತ್ತದೆ. 'ಬಿ.ಇ., ಮೊದಲು ಬೆಂಗಳೂರು' ಎಂದು ಶುರು ಮಾಡಿದ್ದೂ ಅಷ್ಟೇ. ಯಾರೂ ಆಪಾದಿಸುವ ಮೊದಲೇ ಜಾಮೀನು ಕೇಳುವ ದನಿ ಅದು. ಇನ್ನು ನೇಚರ್ ಲವರ್ ಅಂತೀರಾ, ಶನಿವಾರ ಕುದುರೆಮುಖ ಹತ್ತುವ ಪ್ರತಿಯೊಬ್ಬನೂ ಅದೇ ಬರೆದುಕೊಂಡಿರುತ್ತಾನೆ.

ಇದಕ್ಕೆ ತದ್ವಿರುದ್ಧದ ತಪ್ಪೂ ಒಂದಿದೆ. ಹೆಮ್ಮೆ ಉಕ್ಕಿ ಅಡಿಕೆ, ಕಾಳುಮೆಣಸು, ಏಲಕ್ಕಿ, ಬಾಳೆ, ಇಷ್ಟು ಎಕರೆ, ಇಷ್ಟು ಕ್ವಿಂಟಲ್ ಎಂದು ಪಟ್ಟಿ ಕೊಡುವುದು. ಅದನ್ನು ಓದಿದರೆ ಸೊಸೈಟಿಯ ಸಾಲದ ಅರ್ಜಿ ಓದಿದ ಹಾಗಾಗುತ್ತದೆ. ಎಕರೆಯ ಲೆಕ್ಕ ಮದುವೆ ಮಾತುಕತೆಗೆ ಸರಿ. ಗುರುತಿಲ್ಲದವರು ಓದುವ ಜಾಗದಲ್ಲಿ ಆಸ್ತಿಯ ವಿವರ ಹಾಕುವುದು ವಂಚಕರಿಗೆ ಆಹ್ವಾನ ಕೊಟ್ಟಂತೆಯೂ ಹೌದು.

ನನಗೆ ತೋಚುವುದು ಇಷ್ಟು. 'ಕೃಷಿಕ' ಎಂದು ಓದಿದ ಹುಡುಗಿ ಅಡಿಕೆಯ ಬಗ್ಗೆ ಯೋಚಿಸುವುದೇ ಇಲ್ಲ. ಅವಳ ತಲೆಯಲ್ಲಿ ಏಳುವ ಪ್ರಶ್ನೆಗಳು ಬೇರೆ: ಇವನು ಎಲ್ಲಿರುತ್ತಾನೆ? ಯಾವಾಗ ಬಿಡುವಾಗಿರುತ್ತಾನೆ? ಮನೆಯಲ್ಲಿ ಯಾರ್‍ಯಾರಿದ್ದಾರೆ? ನಾನು ಕಳೆ ಕೀಳಬೇಕಾ? ಕೆಲಸದ ಹೆಸರನ್ನು ಎಷ್ಟು ಚೆಂದ ಮಾಡಿದರೂ ಇವಕ್ಕೆ ಉತ್ತರ ಸಿಗುವುದಿಲ್ಲ. ಉತ್ತರ ಇರುವುದು ತೋಟದ ವರ್ಷದಲ್ಲಿ.

ಆ ವರ್ಷ ಹೇಗಿರುತ್ತದೆ ನೋಡಿ. ಜೂನಿನಲ್ಲಿ ಮಳೆ ಹಿಡಿಯುವ ಹೊತ್ತಿಗೆ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣದ ಮೊದಲ ಸಿಂಪರಣೆ ಆಗಬೇಕು. ನಮ್ಮ ಕಡೆ ಅದಕ್ಕೆ ಸುಮ್ಮನೆ 'ಔಷಧಿ ಹೊಡೆಯೋದು' ಅನ್ನುತ್ತಾರೆ. ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ, ಎರಡನ್ನೂ ಬೇರೆ ಬೇರೆ ಕರಗಿಸಿ ಕೂಡಿಸಿದಾಗ ಒಟ್ಟು ನೂರು ಲೀಟರ್ ಆಗುವಷ್ಟು ನೀರು. ಕೂಡಿಸಿದ ಮೇಲೆ ಉಜ್ಜಿ ಹೊಳಪು ಮಾಡಿದ ಕತ್ತಿಯನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ನೋಡುತ್ತಾರೆ. ಕತ್ತಿಯ ಮೇಲೆ ತಾಮ್ರದ ಕೆಂಪು ಹತ್ತಿತೆಂದರೆ ಸುಣ್ಣ ಸಾಲಲಿಲ್ಲ, ಇನ್ನಷ್ಟು ಹಾಕಬೇಕು. ಮಾಡಿದ ದ್ರಾವಣ ಅಂದೇ ಖಾಲಿಯಾಗಬೇಕು, ಮರುದಿನಕ್ಕೆ ಇಡುವ ಹಾಗಿಲ್ಲ. ಹೊಡೆಯುವಾಗ ಮಳೆಯೂ ಬಿಡುವು ಕೊಡಬೇಕು. ಕೊಡದಿದ್ದರೆ ಕೆಲಸದವರು ಜಗಲಿಯಲ್ಲಿ ಕೂತು ಆಕಾಶ ನೋಡುವುದು, ಯಜಮಾನ ಕೆಲಸದವರನ್ನು ನೋಡುವುದು. ಸುಮಾರು ನಲವತ್ತು ನಲವತ್ತೈದು ದಿನ ಕಳೆದ ಮೇಲೆ ಇನ್ನೊಮ್ಮೆ ಇದೇ ಕತೆ. ಅಷ್ಟೊತ್ತಿಗೆ ಮನೆಯ ಹಳೆ ಅಂಗಿಗಳೆಲ್ಲ ನೀಲಿ.

ನವೆಂಬರಿನ ಹೊತ್ತಿಗೆ ಕೊನೆಕೊಯ್ಲು ಜೋರಾಗುತ್ತದೆ. ಮರ ಏರಿ ಕೊನೆ ಇಳಿಸುವ ಕೊನೆಗೌಡ ಯಾವ ದಿನ ಬರುತ್ತಾನೋ ಆ ದಿನವೇ ಕೊಯ್ಲು, ಅದನ್ನು ನಾವು ಗೊತ್ತು ಮಾಡುವಂತಿಲ್ಲ. ಈಗ ಕಾರ್ಬನ್ ಫೈಬರಿನ ಉದ್ದನೆಯ ದೋಟಿ ಬಂದು ನೆಲದಲ್ಲೇ ನಿಂತು ಕೊಯ್ಯುವುದೂ ಉಂಟು. ಕೆಂಪಡಿಕೆ ಮಾಡುವವರು ಹಸಿ ಅಡಿಕೆಯನ್ನು ಸುಲಿದು, ಬೇಯಿಸಿ, ಚೊಗರು ಬಣ್ಣ ಹಿಡಿಸಿ ಒಣಗಿಸುತ್ತಾರೆ. ಕೊಯ್ದದ್ದನ್ನು ಬೇಗ ಸುಲಿಯದಿದ್ದರೆ ಹಾಳಾಗುವುದರಿಂದ ರಾತ್ರಿ ಹತ್ತರ ತನಕ ಕೆಲಸ ನಡೆಯುವುದು ಸಾಮಾನ್ಯ. ಇದು ಫೆಬ್ರುವರಿವರೆಗೂ ಹರಿದಾಡುತ್ತದೆ. ಆಮೇಲೆ ಗೊಬ್ಬರ, ನೀರು ಎಂದು ಕೆಲಸ ಇದ್ದೇ ಇದ್ದರೂ ಬೇಸಿಗೆಯ ಮಧ್ಯಾಹ್ನಗಳು ತೋಟದವನ ಕೈಯಲ್ಲೇ ಇರುತ್ತವೆ. ಆ ಬಿಡುವು ಬೆಂಗಳೂರಿನ ಯಾವ ಉದ್ಯೋಗಿಗೂ ಇಲ್ಲ. ಬಯೊದಲ್ಲಿ ಇದನ್ನು ಬರೆದವರನ್ನು ಮಾತ್ರ ನಾನು ಕಂಡಿಲ್ಲ!

ದುಡ್ಡಿಗೂ ಇಂಥದೇ ಒಂದು ಲಯ. ಒಂದನೇ ತಾರೀಕಿಗೆ ಸಂಬಳ ಬೀಳುವುದಿಲ್ಲ. ಅಡಿಕೆ ಸಹಕಾರಿ ಸಂಘಕ್ಕೆ ಹೋಗಿ, ದರ ನೋಡಿ ಮಾರಿದಾಗ ಒಟ್ಟಿಗೆ ಬರುತ್ತದೆ, ನಡುವೆ ಅಲ್ಲಿಯ ಖಾತೆಯ ಮೇಲೆ ಮುಂಗಡ ತಂದು ಮನೆ ನಡೆಯುತ್ತದೆ. ಇದನ್ನು ಬಯೊದಲ್ಲಿ ಬರೆಯಬೇಕಿಲ್ಲ. ಆದರೆ ಅವಳು ಕೇಳಿದ ದಿನ ಒಂದೇ ಮಾತಿನಲ್ಲಿ ಹೇಳಲು ಬರಬೇಕು.

ಇಷ್ಟೆಲ್ಲವನ್ನೂ ತುಂಬಲು ಜಾಗ ಎಷ್ಟಿದೆ? ಟಿಂಡರ್ 500 ಅಕ್ಷರ ಕೊಡುತ್ತದೆ, ಬಂಬಲ್ 300. ಹಿಂಜ್‌ನಲ್ಲಿ ಅವರೇ ಕೊಟ್ಟ ಪ್ರಶ್ನೆಗಳಲ್ಲಿ ಮೂರನ್ನು ಆರಿಸಿ, ಒಂದೊಂದಕ್ಕೆ 150 ಅಕ್ಷರದೊಳಗೆ ಉತ್ತರಿಸಬೇಕು. ಕನ್ನಡದಲ್ಲಿ ಬರೆಯುವವರಿಗೆ ಇಲ್ಲೊಂದು ಕಳ್ಳಲೆಕ್ಕ ಇದೆ. 'ಕೊನೆಕೊಯ್ಲು' ನಮ್ಮ ಕಣ್ಣಿಗೆ ನಾಲ್ಕೇ ಅಕ್ಷರ, ಆದರೆ ಕಾಗುಣಿತ ಒತ್ತುಗಳನ್ನೆಲ್ಲ ಬಿಡಿಬಿಡಿಯಾಗಿ ಎಣಿಸುವ ಕಂಪ್ಯೂಟರಿಗೆ ಅದು ಹತ್ತು. ಹಾಗೆ ಎಣಿಸುವ ಆ್ಯಪಿನಲ್ಲಿ ನೂರೈವತ್ತರ ಮಿತಿ ಸಾಕಷ್ಟು ಕೆಳಗಿಳಿಯುತ್ತದೆ.

ಅಕ್ಕನ ಮಗನ ಜೊತೆ ಕೂತು ತಿದ್ದಿದ ಬಯೊ ಕೊನೆಗೆ ಹೀಗಾಯಿತು:

'ಶಿರಸಿ ಹತ್ತಿರ ಅಡಿಕೆ ತೋಟ, ವಾಸವೂ ಇಲ್ಲೇ. ಜೂನಿನಲ್ಲಿ ಅಂಗಿಯೆಲ್ಲ ನೀಲಿ, ಕಾರಣ ಕೇಳಿದರೆ ಹೇಳ್ತೇನೆ. ನವೆಂಬರಿನಿಂದ ಫೆಬ್ರುವರಿ ತನಕ ಫೋನಿಗೆ ಸಿಗೋದು ರಾತ್ರಿ ಹತ್ತರ ಮೇಲೆ. ಏಪ್ರಿಲ್ ಮಧ್ಯಾಹ್ನಗಳು ಪೂರ್ತಿ ಖಾಲಿ. ಮನೆಯಲ್ಲಿ ಅಪ್ಪ, ಅಮ್ಮ, ಎರಡು ದನ. ತೋಟದ ಕೆಲಸಕ್ಕೆ ಜನ ಬೇಕು ನಿಜ, ಆದರೆ ಅವರನ್ನ ಇಲ್ಲಿ ಹುಡುಕ್ತಿಲ್ಲ.'

ಮೊದಲ ವಾಕ್ಯದಲ್ಲೇ ಊರು ಬಂದದ್ದಕ್ಕೆ ಕಾರಣ ಇದೆ. ಟಿಂಡರಿನಲ್ಲಿ ದೂರದ ಮಿತಿಯನ್ನು ಹೆಚ್ಚೆಂದರೆ ಸುಮಾರು 160 ಕಿ.ಮೀ.ಗೆ ಇಟ್ಟುಕೊಳ್ಳಬಹುದು. ಶಿರಸಿಯಲ್ಲಿ ಕೂತರೆ ಹುಬ್ಬಳ್ಳಿ ಅದರೊಳಗೆ ಬರುತ್ತದೆ, ನಾನೂರು ಕಿ.ಮೀ. ಆಚೆಯ ಬೆಂಗಳೂರು ಬರುವುದಿಲ್ಲ. ಹಾಗಾಗಿ ಹುಡುಗರು ಏನು ಮಾಡುತ್ತಾರೆಂದರೆ, ಬೆಂಗಳೂರಿಗೆ ನೆಂಟರ ಮನೆಗೆ ಹೋದಾಗ ಆ್ಯಪ್ ತೆರೆಯುತ್ತಾರೆ, ಇಲ್ಲವೇ ದುಡ್ಡು ಕಟ್ಟಿ ಜಾಗ ಬದಲಿಸುತ್ತಾರೆ. ನೋಡಿದವಳು ಇವನು ಜಯನಗರದವನೇ ಇರಬೇಕು ಅಂದುಕೊಂಡರೆ ತಪ್ಪು ಅವಳದಲ್ಲ. ಹಾಗಂತ ಹಳ್ಳಿಯ ಹೆಸರು ಬರೆಯುವುದು ಬೇಡ. ನಮ್ಮ ಹಳ್ಳಿಗಳಲ್ಲಿ ಹೆಸರೊಂದು ಸಿಕ್ಕರೆ ಸಾಕು, ಹಾಲಿನ ಡೈರಿಯಲ್ಲಿ ಕೇಳಿ ಮನೆ ಬಾಗಿಲಿಗೇ ಬರಬಹುದು. 'ಶಿರಸಿ ಹತ್ತಿರ' ಸಾಕು.

ನೀಲಿ ಅಂಗಿಯ ಮಾತನ್ನು ಬಿಡಿಸಿ ಹೇಳದೆ ಇಟ್ಟದ್ದು ಬೇಕೆಂದೇ. ಸಾಲು ಚಿಕ್ಕದು, ಪ್ರಶ್ನೆ ಕೇಳಲು ಅಲ್ಲೊಂದು ಹಿಡಿ ಇದೆ. ಕೇಳಿದರೆ ಮೈಲುತುತ್ತ, ಕತ್ತಿ, ಮಳೆ ಕಾಯುವುದು ಎಲ್ಲ ಮಾತಿಗೆ ಬರುತ್ತದೆ. ಕೊನೆಯ ವಾಕ್ಯ ಮಾತ್ರ ಅವನದೇ, ನಾನು ಕೈ ಹಾಕಲಿಲ್ಲ. ಮದುವೆಯಾದರೆ ತೋಟದ ಆಳಾಗಬೇಕಾದೀತು ಎಂಬ ಅಂಜಿಕೆಗೆ ಅದಕ್ಕಿಂತ ನೇರವಾಗಿ ಉತ್ತರಿಸುವುದು ಕಷ್ಟ. ಬರೆದ ಮೇಲೆ ಹಾಗೇ ನಡೆದುಕೊಳ್ಳಬೇಕು ಎಂಬುದು ಬೇರೆ ಮಾತು, ಅದಕ್ಕೆ ಅಮ್ಮನ ಒಪ್ಪಿಗೆಯೂ ಬೇಕಾಗುತ್ತದೆ.

ಬಯೊ ಸರಿ ಹೋಗಿದೆಯೇ ಎಂದು ನೋಡಲು, ಅದನ್ನು ತೋಟ ಕಾಣದ ಯಾರಿಗಾದರೂ ಓದಲು ಕೊಟ್ಟು, 'ಡಿಸೆಂಬರಿನ ಒಂದು ಸಂಜೆ ಇವನು ಏನು ಮಾಡ್ತಿರ್ತಾನೆ ಹೇಳು' ಎಂದು ಕೇಳಬೇಕು. ಕೆಲಸದಲ್ಲಿ ಮುಳುಗಿರುತ್ತಾನೆ ಎಂಬಷ್ಟಾದರೂ ಹೇಳಿದರೆ ಸರಿ. ಬರುವ ಮೊದಲ ಮೆಸೇಜುಗಳೂ ಇದನ್ನೇ ಹೇಳುತ್ತವೆ. 'ಅಗ್ರಿಪ್ರೆನರ್ ಅಂದ್ರೆ ಏನು?' ಎಂಬ ಪ್ರಶ್ನೆ ಬರುತ್ತಿದ್ದರೆ ಬಯೊ ಸೋತಿದೆ. 'ಮಳೆಗಾಲದಲ್ಲಿ ನೆಟ್‌ವರ್ಕ್ ಇರುತ್ತಾ?' ಎಂದು ಬಂದರೆ ಅವಳು ಅಲ್ಲಿಯ ಬದುಕನ್ನು ಊಹಿಸಿಕೊಳ್ಳಲು ಶುರು ಮಾಡಿದ್ದಾಳೆ. ಮಂಜು ಮುಸುಕಿದ ತೋಟ, ಸೂರ್ಯಾಸ್ತ, ಹೆಂಚಿನ ಮನೆಯ ಫೋಟೊಗಳನ್ನೇ ತುಂಬಿದವರಿಗೆ ಬರುವ ಪ್ರಶ್ನೆಯೂ ಗೊತ್ತು: 'ಹೋಮ್‌ಸ್ಟೇ ಇದೆಯಾ, ಒಂದು ದಿನಕ್ಕೆ ಎಷ್ಟು?' ಫೋಟೊಗಳಲ್ಲಿ ಒಂದಾದರೂ ದೋಟಿ ಹಿಡಿದು ಕತ್ತೆತ್ತಿ ನಿಂತದ್ದು ಇರಲಿ.

ಬೇರೆ ಉದ್ಯೋಗದಲ್ಲಿ ಓದುವವರ ಪ್ರಶ್ನೆ ಬೇರೆಯಾಗುತ್ತದೆ. ಫ್ರೀಲಾನ್ಸ್ ಕೆಲಸದವನನ್ನು ಕಂಡರೆ ದುಡ್ಡು ಯಾವಾಗ ಬರುತ್ತದೆ ಎಂದು ಯೋಚಿಸುತ್ತಾರೆ. ಸಾಫ್ಟ್‌ವೇರ್ ಟೆಸ್ಟರ್ ಅಂದರೆ ಊರು, ಸಂಬಳದ ಅನುಮಾನ ಇಲ್ಲ, ಇಡೀ ದಿನ ಏನು ಮಾಡುತ್ತಾನೆ ಎಂಬುದೇ ಮಬ್ಬು. 'ದುಡ್ಡು ಕಟ್ಟುವ ಗುಂಡಿಯನ್ನ ಎರಡು ಸಲ ಒತ್ತಿದ್ರೆ ಎರಡು ಸಲ ದುಡ್ಡು ಹೋಗುತ್ತಾ ಅಂತ ನೋಡುವವಳು ನಾನು' ಎಂದರೆ ಅಜ್ಜಿಗೂ ಅರ್ಥವಾದೀತು.

ಬಯೊದಿಂದ ಆಗದ ಕೆಲಸವೂ ಇದೆ. ಪಹಣಿ ಅಪ್ಪನ ಹೆಸರಿನಲ್ಲಿದ್ದು, ಒಂದು ಮೋಟರ್ ಕೊಳ್ಳಲೂ ಅಪ್ಪನನ್ನೇ ಕೇಳಬೇಕಾದ ಮನೆಗಳು ಬೇಕಾದಷ್ಟಿವೆ. ಬೆಂಗಳೂರಿನ ಕೆಲಸ ಬಿಟ್ಟು ಬರಲಾರೆ ಎನ್ನುವವಳಿಗೆ ಮನೆಯ ಇಂಟರ್ನೆಟ್ಟೇ ಮುಖ್ಯ, ಅಲ್ಲಿ ಸಾಹಿತ್ಯ ನಡೆಯುವುದಿಲ್ಲ. ಅಂಥವಳು ದಾಟಿಸಿ ಮುಂದೆ ಹೋದರೆ ಬಯೊ ತನ್ನ ಕೆಲಸ ಮಾಡಿದೆ ಎಂದೇ ಲೆಕ್ಕ, ಇಬ್ಬರಿಗೂ ಮೂರು ವಾರ ಉಳಿಯಿತು.

ಇನ್ನೊಂದು, ಕಾಲಕ್ಕೆ ತಕ್ಕಂತೆ ಸಾಲು ಬದಲಿಸುತ್ತಿರಬೇಕು. ಮಾರ್ಚ್ ಮುಗಿದ ಮೇಲೂ ಕೊಯ್ಲಿನ ಗಡಿಬಿಡಿಯ ಮಾತೇ ಇದ್ದರೆ ಖಾತೆ ತೆರೆದು ಮರೆತವನ ಹಾಗೆ ಕಾಣುತ್ತದೆ. ಈಗ ಅಕ್ಕನ ಮಗನ ಬಯೊದಲ್ಲಿ ಮೊದಲ ಸಾಲು ಹಾಗೇ ಇದೆ, ಎರಡನೆಯದನ್ನು ತಾನೇ ತಿದ್ದಿಕೊಂಡಿದ್ದಾನೆ: 'ಈ ವಾರ ಮಳೆ ಬಿಟ್ಟರೆ ಔಷಧಿ ಹೊಡೆಯೋದು, ಬಿಡದಿದ್ದರೆ ಮಾತಿಗೆ ಸಿಗ್ತೇನೆ.'