ಹದಿನಾಲ್ಕನೇ ಮೀಟರ್ ಮಾತ್ರ ಉತ್ತರ ಕೊಟ್ಟದ್ದೇಕೆ?

ಅಪಾರ್ಟ್‌ಮೆಂಟೊಂದರ ನೆಲಮಾಳಿಗೆಯಲ್ಲಿ 15 ವಿದ್ಯುತ್ ಮೀಟರುಗಳಿವೆ ಎಂದುಕೊಳ್ಳಿ. ಒಂದೇ ಜೋಡಿ ತಂತಿ ಅವೆಲ್ಲವನ್ನೂ ಪೋಣಿಸಿಕೊಂಡು ಒಂದು ಸಣ್ಣ ಬೋರ್ಡಿಗೆ ಬಂದು ಸೇರುತ್ತದೆ. ಬೋರ್ಡು ಪ್ರತಿ ಮೀಟರನ್ನೂ ಅದರ ನಂಬರು ಹಿಡಿದು ಕೇಳುತ್ತದೆ, ಮೀಟರು ತನ್ನ ರೀಡಿಂಗ್ ಕಳಿಸುತ್ತದೆ. ಮೀಟರುಗಳನ್ನು ಬದಲಿಸಿದ ಮೇಲೆ ಈ ಸಂಭಾಷಣೆ ನಿಂತುಹೋಗಿದೆ. 14ನೇ ಮೀಟರ್ ಮಾತ್ರ ಪ್ರತಿಸಲವೂ ತಪ್ಪದೆ ಉತ್ತರಿಸುತ್ತದೆ, ಉಳಿದ 14 ಮೀಟರುಗಳದು ಪೂರ್ತಿ ಮೌನ.

ಇಂಥ ಕಡೆ ಮೊದಲ ಅನುಮಾನ ತಂತಿಯ ಮೇಲೆ, ಆಮೇಲೆ ಮೀಟರಿನ ಮೇಲೆ. ಎರಡನ್ನೂ ಬಿಚ್ಚಿ ಕಟ್ಟುವುದರಲ್ಲಿ ದಿನ ಕಳೆದುಹೋಗುತ್ತದೆ. ಅದಕ್ಕಿಂತ ತಂತಿಯ ಮೇಲೆ ನಿಜವಾಗಿ ಏನು ಹರಿಯುತ್ತಿದೆ ಎಂದು ನೋಡುವುದೇ ಸರಿ. ಆ ಕೆಲಸಕ್ಕೆ ಇರುವ ಉಪಕರಣ ಲಾಜಿಕ್ ಅನಲೈಜರ್. ಬೆಂಕಿಪೊಟ್ಟಣದಷ್ಟು ದೊಡ್ಡದಾದ, ಎಂಟು ತಂತಿಗಳ, ಯುಎಸ್‌ಬಿ ಮೂಲಕ ಲ್ಯಾಪ್‌ಟಾಪಿಗೆ ಸಿಕ್ಕಿಸುವ ಅಗ್ಗದ ಮಾದರಿಯೇ ಇಲ್ಲಿಗೆ ಸಾಕು. ಪ್ರತಿ ತಂತಿಯಲ್ಲಿ ವೋಲ್ಟೇಜು ಮೇಲಿದೆಯೋ ಕೆಳಗಿದೆಯೋ, ಅಂದರೆ 1 ಇದೆಯೋ 0 ಇದೆಯೋ ಎಂದು ಅದು ಸೆಕೆಂಡಿಗೆ ಲಕ್ಷಾಂತರ ಸಲ ನೋಡಿ ಬರೆದಿಡುತ್ತದೆ. ಪಲ್ಸ್‌ವ್ಯೂ ಎಂಬ ಉಚಿತ ತಂತ್ರಾಂಶ ಆ ಏರಿಳಿತಗಳನ್ನು ಬೈಟುಗಳಾಗಿ ಓದಿ ತೋರಿಸುತ್ತದೆ.

ಮೀಟರುಗಳ ನಡುವೆ ಹರಿಯುವ ಜೋಡಿ ತಂತಿಗೆ ಅನಲೈಜರನ್ನು ನೇರವಾಗಿ ತಾಗಿಸಬಾರದು. ಅದು ಆರ್‌ಎಸ್-485 ಸಾಲು. ಅಲ್ಲಿ ಸಂಕೇತ ಇರುವುದು ಎರಡು ತಂತಿಗಳ ನಡುವಿನ ವ್ಯತ್ಯಾಸದಲ್ಲಿ. ನೆಲಕ್ಕೆ ಹೋಲಿಸಿದರೆ ಆ ತಂತಿಗಳು ಮೈನಸ್ 7ರಿಂದ 12 ವೋಲ್ಟಿನವರೆಗೆ ಓಲಾಡಬಹುದು, ಅನಲೈಜರಿನ ಒಳಗಿನ ಚಿಪ್ ಅದನ್ನು ತಾಳುವುದಿಲ್ಲ. ಹಾಗಾಗಿ ಬೋರ್ಡಿನ ಮೇಲಿರುವ ಮ್ಯಾಕ್ಸ್485 ಜಾತಿಯ ಚಿಪ್ಪಿನ ಕಾಲುಗಳಿಂದ ಎರಡು ಎಳೆ ತೆಗೆದುಕೊಳ್ಳಬೇಕು: ಬೋರ್ಡು ಕಳಿಸಲು ಕೊಟ್ಟ ಬೈಟುಗಳದು ಒಂದು, ‘ಈಗ ನಾನು ಮಾತಾಡುತ್ತೇನೆ’ ಎಂದು ಸಾಲನ್ನು ಹಿಡಿದುಕೊಳ್ಳುವ ಡಿಇ ಸಂಕೇತದ್ದು ಇನ್ನೊಂದು. ಮೂರನೆಯದಕ್ಕೆ ಅಂಥದ್ದೇ ಇನ್ನೊಂದು ಚಿಪ್ಪನ್ನು, ಕೇಳುವುದಕ್ಕಷ್ಟೇ ಹೊಂದಿಸಿ, ಸಾಲಿನ ಆಚೆ ತುದಿಯಲ್ಲಿ ಕೂರಿಸಬೇಕು. ಮೀಟರಿನ ಕಿವಿಗೆ ಏನು ಬೀಳುತ್ತದೆಂದು ಇದರಿಂದ ಗೊತ್ತಾಗುತ್ತದೆ. ಎಷ್ಟೋ ಜನ ಈ ಮೂರನೇ ಎಳೆಯನ್ನು ಬಿಟ್ಟುಬಿಡುತ್ತಾರೆ. ನನ್ನ ಮಟ್ಟಿಗೆ ಪರೀಕ್ಷೆಯ ಜೀವವೇ ಅದು, ಏಕೆಂದರೆ ಬೋರ್ಡಿನ ಕಡೆ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ವೇಗ ಸೆಕೆಂಡಿಗೆ 9600 ಬಿಟ್. ಅಂದರೆ ಒಂದು ಬಿಟ್ಟಿಗೆ ಸುಮಾರು 104 ಮೈಕ್ರೊಸೆಕೆಂಡ್. ಅನಲೈಜರನ್ನು ಸೆಕೆಂಡಿಗೆ ಹತ್ತು ಲಕ್ಷ ಸಲ ನೋಡುವಂತೆ ಇಟ್ಟರೆ ಒಂದೊಂದು ಬಿಟ್ಟಿಗೂ ನೂರು ನೋಟ ಸಿಗುತ್ತದೆ. ಬೈಟು ಓದುವ ಮೊದಲು ಚಿತ್ರದಲ್ಲಿ ಬೋರ್ಡಿನ ಕಡೆಯ ಅತಿ ಕಿರಿದಾದ ಏರಿಳಿತವನ್ನು ಅಳೆಯಿರಿ. ಅದು 104ರ ಹತ್ತಿರ ಇರಬೇಕು. ತಂತ್ರಾಂಶಕ್ಕೆ ತಪ್ಪು ವೇಗ ಹೇಳಿದರೂ ಅದು ಏನೋ ಒಂದು ಬೈಟನ್ನು ಓದಿ ತೋರಿಸಿಬಿಡುತ್ತದೆ.

ಇನ್ನು ಹೋಲಿಕೆ. ಮೀಟರುಗಳ ಭಾಷೆ ಮಾಡ್‌ಬಸ್, 1979ರಲ್ಲಿ ಮೋಡಿಕಾನ್ ಕಂಪನಿ ಹೊರತಂದದ್ದು. 1ನೇ ಮೀಟರಿಗೆ ಹೋಗಬೇಕಾದ ಪ್ರಶ್ನೆ ಮೇಲಿನ ಸಾಲು, ಆಚೆ ತುದಿಯಲ್ಲಿ ಸಿಕ್ಕಿದ್ದು ಕೆಳಗಿನದು:

```
01 03 00 00 00 02 C4 0B
01 03 00 00 00 02 C4 FB
```

ಮೊದಲ ಬೈಟು ಮೀಟರಿನ ನಂಬರು, ಎರಡನೆಯದು ‘ಓದಿ ಹೇಳು’ ಎಂಬ ಆಜ್ಞೆ, ಮುಂದಿನ ನಾಲ್ಕು ಎಲ್ಲಿಂದ ಎಷ್ಟು ಓದಬೇಕೆಂಬುದು. ಕೊನೆಯ ಎರಡು ಬೈಟು ತಾಳೆಯ ಲೆಕ್ಕ. ಹಿಂದಿನ ಆರರಿಂದ ಲೆಕ್ಕ ಹಾಕಿ ಬರುವಂಥದ್ದು. ಲೆಕ್ಕ ತಾಳೆಯಾಗದಿದ್ದರೆ ಮೀಟರು ‘ತಪ್ಪಾಗಿದೆ’ ಎಂದೂ ಹೇಳುವುದಿಲ್ಲ, ಸುಮ್ಮನಿದ್ದುಬಿಡುತ್ತದೆ. ಮೌನದ ಕಾರಣ ಇಲ್ಲಿಗೆ ಸಿಕ್ಕಿತು. ಏಳು ಬೈಟು ಸರಿ, ಎಂಟನೆಯದು ತಪ್ಪು.

ಇಲ್ಲಿಗೇ ನಿಂತು ‘ಸಾಲಿನಲ್ಲಿ ಗದ್ದಲ ಇದೆ’ ಎಂದುಬಿಡುವವರು ಬಹಳ. ಆದರೆ ಗದ್ದಲವಾದರೆ ಪ್ರತಿಸಲವೂ ಬೇರೆ ಬೇರೆ ಬೈಟು ಕೆಡಬೇಕು. ಇಲ್ಲಿ ನೂರು ಸಲ ಕೇಳಿದರೂ ಅದೇ FB. 2ನೇ ಮೀಟರಿನ ಪ್ರಶ್ನೆಯಲ್ಲಿ 38 ಇರಬೇಕಾದಲ್ಲಿ F8, 3ನೆಯದರಲ್ಲಿ E9 ಬದಲು F9. ಬಲಗಡೆಯ ಅಂಕಿ ಯಾವಾಗಲೂ ಸರಿ, ಎಡಗಡೆಯದು ಯಾವಾಗಲೂ F.

ಒಂದು ಬೈಟಿನಲ್ಲಿ ಎಂಟು ಬಿಟ್. ಬರೆಯುವಾಗ ನಾಲ್ಕು ನಾಲ್ಕು ಬಿಟ್ಟಿಗೆ ಒಂದೊಂದು ಅಂಕಿ. F ಎಂದರೆ ನಾಲ್ಕಕ್ಕೆ ನಾಲ್ಕೂ 1. ಸಾಲಿನ ಮೇಲೆ ಮೊದಲು ಬೈಟಿನ ಆರಂಭ ಸೂಚಿಸುವ ಒಂದು 0, ಆಮೇಲೆ ಬಲಗಡೆಯ ನಾಲ್ಕು ಬಿಟ್, ಆಮೇಲೆ ಎಡಗಡೆಯ ನಾಲ್ಕು ಹೋಗುತ್ತವೆ. ಯಾರೂ ಹಿಡಿದುಕೊಳ್ಳದ ಸಾಲು, ಅದಕ್ಕೆ ಜೋಡಿಸಿದ ರೆಸಿಸ್ಟರುಗಳಿಂದಾಗಿ, 1ರಲ್ಲೇ ನಿಲ್ಲುತ್ತದೆ. ಹಾಗಾದರೆ ಬೋರ್ಡು ಕೊನೆಯ ಬೈಟಿನ ಅರ್ಧ ಹೇಳಿ ಸಾಲನ್ನು ಬಿಟ್ಟುಬಿಡುತ್ತಿದೆ. ಉಳಿದರ್ಧದ ಜಾಗದಲ್ಲಿ ಖಾಲಿ ಸಾಲು 1111 ಎಂದು ಓದಿಕೊಳ್ಳುತ್ತಿದೆ. ಬಿಟ್ಟದ್ದು ಯಾವಾಗ ಎಂಬುದನ್ನೂ ಆ ತಪ್ಪು ಬೈಟೇ ಹೇಳುತ್ತದೆ: 0B ಇನ್ನೂ ಬೇಗ ಕತ್ತರಿಸಿದರೆ FF ಆಗುತ್ತಿತ್ತು, ಒಂದು ಬಿಟ್ ತಡವಾಗಿದ್ದರೆ EB.

ಡಿಇ ಎಳೆಯನ್ನು ನೋಡಿದರೆ ಅನುಮಾನ ತೀರುತ್ತದೆ. ಕೊನೆಯ ಬೈಟು ಶುರುವಾಗಿ 550 ಮೈಕ್ರೊಸೆಕೆಂಡಿಗೆ ಅದು ಕೆಳಗಿಳಿಯುತ್ತದೆ, ಬೈಟು ಮುಗಿಯಲು ಬೇಕಾದದ್ದು 1042. 1ನೇ ಮೀಟರಿನ ಪ್ರಶ್ನೆಯಲ್ಲಿ ಅದೇ ಜಾಗದಲ್ಲಿ ಆಚೆ ತುದಿಯ ಎಳೆಯಲ್ಲಿ ಸುಮಾರು 30 ಮೈಕ್ರೊಸೆಕೆಂಡಿನ ಒಂದು ಕಿರುಗುಳಿ ಕಾಣುತ್ತದೆ. ಬಿಟ್ಟೊಂದರ ಅಗಲ 104 ಇರುವಾಗ 30ರ ಗುಳಿ ಎಂದರೆ ಅದು ಕತ್ತರಿಸಿದ ಬಿಟ್ಟಿನ ತುಂಡೇ.

ಪ್ರೋಗ್ರಾಮಿನಲ್ಲಿ ಇದ್ದದ್ದು ಇಷ್ಟು:

```c
while (!(USART1->SR & USART_SR_TXE));
delay_us(550);
GPIOA->BSRR = GPIO_BSRR_BR8;
```

ಎಸ್‌ಟಿಎಂ32 ಚಿಪ್ಪಿನಲ್ಲಿ `TXE` ಎಂಬ ಗುರುತು ಹೇಳುವುದು ‘ಮುಂದಿನ ಬೈಟು ಕೊಡಬಹುದು’ ಎಂದಷ್ಟೇ. ಕೊನೆಯ ಬೈಟು ಹೊರಡಲು ಶುರುವಾದಾಗಲೇ ಅದು ಮೇಲೇಳುತ್ತದೆ. ಹಳೆಯ ಮೀಟರುಗಳ ವೇಗ 19200 ಆಗಿತ್ತು. ಆಗ ಒಂದು ಬೈಟಿಗೆ 521 ಮೈಕ್ರೊಸೆಕೆಂಡ್, 550 ಕಾದರೆ ಸಾಕಾಗುತ್ತಿತ್ತು. ಹೊಸವು 9600ರವು, ಕಾಯುವ ಹೊತ್ತು ಮಾತ್ರ ಹಾಗೇ ಉಳಿಯಿತು.

14ನೇ ಮೀಟರಿನ ಒಗಟೂ ಇಲ್ಲೇ ಬಿಡಿಸಿಕೊಳ್ಳುತ್ತದೆ. ಅದರ ಪ್ರಶ್ನೆ ಹೀಗಿದೆ:

```
0E 03 00 00 00 02 C4 F4
```

ಕೊನೆಯ ಬೈಟಿನ ಎಡಗಡೆ ಮೊದಲೇ F ಇದೆ. ಕತ್ತರಿಸಿದ ಭಾಗದಲ್ಲಿ ಇರಬೇಕಾದದ್ದೂ 1111, ಖಾಲಿ ಸಾಲು ತುಂಬಿದ್ದೂ 1111. 1ರಿಂದ 15ರವರೆಗಿನ ನಂಬರುಗಳಿಗೆ ಇದೇ ಪ್ರಶ್ನೆಯ ಲೆಕ್ಕ ಹಾಕಿ ನೋಡಿದರೆ ಹಾಗೆ ಬರುವುದು ಇದೊಂದೇ.

ಕಾಯುವ ಹೊತ್ತನ್ನು 1100ಕ್ಕೆ ಏರಿಸಿದರೆ ಇವತ್ತಿಗೆ ಕೆಲಸ ನಡೆಯುತ್ತದೆ, ಆದರೆ ವೇಗ ಬದಲಾದ ದಿನ ಮತ್ತೆ ಇದೇ ಪಾಡು. ತೀರಾ ಹೆಚ್ಚಿಸಿದರಂತೂ ಬೋರ್ಡು ಸಾಲನ್ನು ಬಿಡುವ ಮೊದಲೇ ಮೀಟರು ಉತ್ತರ ಶುರುಮಾಡಿ ಎರಡೂ ಡಿಕ್ಕಿ ಹೊಡೆಯುತ್ತವೆ. `TXE` ಇದ್ದಲ್ಲಿ ಕೊನೆಯ ಬಿಟ್ಟೂ ಹೊರಟುಹೋದ ಮೇಲೆ ಮೇಲೇಳುವ `TC` ಗುರುತನ್ನು ಕಾದು, 550ರ ಸಾಲನ್ನು ಅಳಿಸುವುದೇ ಸರಿಯಾದ ದಾರಿ:

```c
while (!(USART1->SR & USART_SR_TC));
GPIOA->BSRR = GPIO_BSRR_BR8;
```

ಆಮೇಲೆ ಅದೇ ಮೂರು ಎಳೆಗಳನ್ನು ಮತ್ತೆ ಹಿಡಿದು ನೋಡಬೇಕು. ಎಲ್ಲ ಮೀಟರುಗಳಿಗೂ ಎಂಟು ಬೈಟು ಸರಿಯಾಗಿ ತಲುಪಿಯೂ ಯಾವುದಾದರೂ ಒಂದು ಮೌನವಾಗಿದ್ದರೆ, ಅಥವಾ ಬೈಟುಗಳು ಕ್ರಮವಿಲ್ಲದೆ ಅಲ್ಲಲ್ಲಿ ಕೆಡುತ್ತಿದ್ದರೆ, ದೋಷ ವೋಲ್ಟೇಜಿನಲ್ಲಿರಬಹುದು: ಸಡಿಲ ಸ್ಕ್ರೂ, ಸಾಲಿನ ತುದಿಯಲ್ಲಿ ಇರಬೇಕಾದ 120 ಓಮ್ ರೆಸಿಸ್ಟರು ಇಲ್ಲದಿರುವುದು, ಸೊರಗಿದ ಸಂಕೇತ. 0 ಮತ್ತು 1 ಮಾತ್ರ ಕಾಣುವ ಲಾಜಿಕ್ ಅನಲೈಜರಿಗೆ ಅವು ಗೋಚರಿಸುವುದಿಲ್ಲ. ಅಲ್ಲಿಂದ ಮುಂದಿನದು ಆಸಿಲೋಸ್ಕೋಪಿನ ಕೆಲಸ.