ಲೆಕ್ಕ ಸರಿಯಾಗಿದ್ದರೇ ಅನುಮಾನಿಸಿ

ಹಳೆಯ ಮಳೆ ದಾಖಲೆಯ ಒಂದು ಪುಟವನ್ನು ಫೋಟೊ ತೆಗೆದು, ಚಿತ್ರ ಓದುವ ಎಐ ಮಾದರಿಗೆ ಕೊಟ್ಟಿದ್ದೀರಿ ಎಂದುಕೊಳ್ಳಿ. ಒಂದು ಸಾಲಿನಲ್ಲಿ 48, 73, 65, 91 ಎಂದಿದೆ. ಕೂಡಿದರೆ 277. ಆದರೆ ಅಚ್ಚಿನಲ್ಲಿರುವ ಮೊತ್ತ 267; ಅಂದಿನ ಗುಮಾಸ್ತರು ತಪ್ಪಿದ್ದಾರೆ. ಮಾದರಿ ಕೊಟ್ಟ ಪ್ರತಿಯಲ್ಲಿ ಮಾತ್ರ 277 ಎಂದಿದೆ, ಅಥವಾ 91 ಹೋಗಿ 81 ಆಗಿ 267ಕ್ಕೆ ಹೊಂದಿಕೊಂಡಿದೆ. ಎರಡರಲ್ಲೂ ಲೆಕ್ಕ ಸರಿ, ನಕಲು ತಪ್ಪು.

ಇದೇಕೆ ಹೀಗೆ? ಮಾದರಿ ಚಿತ್ರವನ್ನು ನೋಡುವುದರ ಜೊತೆಗೆ, ಮುಂದೆ ಯಾವ ಅಂಕಿ ಬರಬಹುದೆಂದು ಅಂದಾಜನ್ನೂ ಮಾಡುತ್ತದೆ. ದಟ್ಟವಾದ ದೊಡ್ಡ ಪುಟವನ್ನು ಕುಗ್ಗಿಸಿದಾಗ ಅಂಕಿಗಳು ಮಸುಕಾಗುತ್ತವೆ. ಆಗ ಅಂದಾಜೇ ಗೆಲ್ಲುತ್ತದೆ. ಖಾಲಿ ಮನೆಯಲ್ಲಿ ಅಕ್ಕಪಕ್ಕಕ್ಕೆ ಒಪ್ಪುವ ಸಂಖ್ಯೆಯೊಂದು ಬಂದು ಕೂರುವುದೂ ಹೀಗೆಯೇ.

ಹಾಗಾಗಿ ಮೊತ್ತ ತಾಳೆಯಾಯಿತೆಂದು ನಂಬಬೇಡಿ. ನಕಲು ಮಾಡಿಸುವ ಮೊದಲೇ ಮೂಲ ಪುಟದ ಕುಂದುಗಳನ್ನು ಗುರುತು ಹಾಕಿಕೊಳ್ಳಿ: ಖಾಲಿ ಮನೆ, ಅಡ್ಡಗೀಟು, ಶಾಯಿ ಕಲೆ, ತಪ್ಪು ಮೊತ್ತ. ಆ ಕುಂದುಗಳು ನಕಲಿನಲ್ಲಿ ಮಾಯವಾಗಿದ್ದರೆ ಉಳಿದ ಅಂಕಿಗಳನ್ನೂ ಶಂಕಿಸಬೇಕು.

ಬಳಿಕ ಅನುಮಾನದ ಮನೆಯನ್ನಷ್ಟೇ ಕತ್ತರಿಸಿ, ಹಿಗ್ಗಿಸಿ, ನೆರೆಯ ಅಂಕಿಗಳಿಲ್ಲದೆ ಮತ್ತೆ ಓದಿಸಿ. ಮೊದಲು 81 ಎಂದದ್ದು ಈಗ 91 ಎಂದರೆ, ಮೊದಲ ಉತ್ತರ ನೆರೆಹೊರೆಯಿಂದ ಬಂದದ್ದಿರಬಹುದು. ಇಡೀ ಪುಟವನ್ನೇ ಮತ್ತೊಮ್ಮೆ ಓದಿಸಿದರೆ ಸಾಲದು. ಅದೇ ತಪ್ಪು ಮರುಕಳಿಸಬಹುದು. ಕಲೆ ಬಿದ್ದ ಅಂಕಿಯ ಕೊನೆಯ ತೀರ್ಪು ಮೂಲ ಪುಟ ನೋಡುವ ಕಣ್ಣಿನದು. ಅದಕ್ಕೂ ಕಾಣದಿದ್ದರೆ ‘ಓದಲಾಗದು’ ಎಂದೇ ಬರೆಯಿರಿ.